ಅಕ್ಷರದ ಹಿಂದೆ ಆರು ಸೊನ್ನೆ

ಸೀಲಿಂಗ್ ಫ್ಯಾನ್ ಸೋಮಾರಿಯಂತೆ ತಿರುಗತೊಡಗಿದರೆ ಎಲೆಕ್ಟ್ರಿಷಿಯನ್ ಬಂದು ರಾಡಿನ ಕಪ್ ಸರಿಸಿ, ಒಳಗಿರುವ ಪುಟ್ಟ ಡಬ್ಬಿಯೊಂದನ್ನು ಬದಲಿಸುತ್ತಾರೆ. ಹಳಬರು ಅದನ್ನು ಕಂಡೆನ್ಸರ್ ಅನ್ನುತ್ತಾರೆ, ಈಗಿನವರು ಕೆಪಾಸಿಟರ್ ಅನ್ನುತ್ತಾರೆ. ಅದರ ಮೈಮೇಲೆ 2.5 µF ಎಂದೋ 2.5 MFD ಎಂದೋ ಅಚ್ಚಾಗಿರುತ್ತದೆ. ಎರಡೂ ಒಂದೇ, ಎರಡೂವರೆ ಮೈಕ್ರೊಫ್ಯಾರಡ್. ಆದರೆ ಶಾಲೆಯ ವಿಜ್ಞಾನ ಪುಸ್ತಕದ ಪ್ರಕಾರ ದೊಡ್ಡ M ಅಂದರೆ ಮೆಗಾ, ಹತ್ತು ಲಕ್ಷ ಪಟ್ಟು. ಮೈಕ್ರೊ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಅಂದರೆ ಫ್ಯಾನಿನ ಡಬ್ಬಿಯ ಮೇಲಿರುವ M ತಾನು ಹೇಳಬೇಕಾದದ್ದಕ್ಕೆ ತದ್ವಿರುದ್ಧವಾದದ್ದನ್ನು ಹೇಳುತ್ತಿದೆ. ಫ್ಯಾನಿನ ಮಟ್ಟಿಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಎರಡೂವರೆ ಮೆಗಾಫ್ಯಾರಡ್‌ನ ಕೆಪಾಸಿಟರನ್ನು ಯಾರೂ ಎಲ್ಲಿಯೂ ಮಾರುವುದಿಲ್ಲ. ಆದರೆ ಇದೇ ಅಕ್ಷರ ಎಲೆಕ್ಟ್ರಾನಿಕ್ಸ್ ಸರ್ಕ್ಯೂಟ್ ಒಂದರ ಬಿಡಿಭಾಗಗಳ ಪಟ್ಟಿಗೆ ಬಂದು ಕೂತಾಗ ಕಥೆ ಬೇರೆ.

ಈ M ಎಲ್ಲಿಂದ ಬಂತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಿಲೊ, ಮಿಲಿ ಎಂಬ ಪೂರ್ವಪ್ರತ್ಯಯಗಳು ಫ್ರಾನ್ಸ್ 1795ರಲ್ಲಿ ಮೆಟ್ರಿಕ್ ಪದ್ಧತಿಯನ್ನು ಕಾನೂನಾಗಿ ತಂದಾಗಲೇ ಇದ್ದವು. ತರಕಾರಿ, ಬಟ್ಟೆ, ಭೂಮಿ ಅಳೆಯಲು ಅಷ್ಟು ಸಾಕಿತ್ತು. ವಿದ್ಯುತ್ತಿನ ಅಳತೆ ಶುರುವಾದ ಮೇಲೆ ಸಾವಿರದ ಮೆಟ್ಟಿಲು ಚಿಕ್ಕದೆನಿಸಿತು. 1873ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಸಮಿತಿಯೊಂದು ಮೆಗಾ ಮತ್ತು ಮೈಕ್ರೊಗಳನ್ನು ಸೇರಿಸಿತು. ನ್ಯಾನೊ, ಪಿಕೊಗಳಿಗೆ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ಆ ನಡುವಿನ ದಶಕಗಳಲ್ಲಿ ರೇಡಿಯೊ ಉದ್ಯಮ ಹುಟ್ಟಿ ಬೆಳೆದು ಮನೆಮನೆಗೆ ತಲುಪಿಯಾಗಿತ್ತು. ಸಾಮಾನ್ಯ ಟೈಪ್‌ರೈಟರ್‌ಗಳಲ್ಲಿ ಗ್ರೀಕ್ ಅಕ್ಷರ µ ಇರಲಿಲ್ಲ. ಹಾಗಾಗಿ ಮೈಕ್ರೊಫ್ಯಾರಡ್‌ಗೆ mfd ಎಂದೂ, ಅದರ ಹತ್ತು ಲಕ್ಷದಲ್ಲೊಂದು ಪಾಲಿಗೆ, ಅಂದರೆ ಇಂದಿನ ಪಿಕೊಫ್ಯಾರಡ್‌ಗೆ mmfd ಎಂದೂ ಬರೆದುಕೊಂಡರು. ಅಮೆರಿಕದ ಕೆಲವು ಹಳೆಯ ರೇಡಿಯೊ ನಕ್ಷೆಗಳಲ್ಲಂತೂ ರೆಸಿಸ್ಟರ್ ಪಕ್ಕದ M ಅಂದರೆ ಸಾವಿರ. ಅಲ್ಲಿ 50M ಎಂದಿದ್ದರೆ 50 ಸಾವಿರ ಓಂ. ಹತ್ತು ಲಕ್ಷಕ್ಕೆ Meg ಎಂದು ಬೇರೆಯಾಗಿ ಬರೆಯುತ್ತಿದ್ದರು. ನಮ್ಮ ಫ್ಯಾನ್ ಕೆಪಾಸಿಟರ್‌ಗಳು, ಬೋರ್‌ವೆಲ್ ಮೋಟಾರಿನ ಕೆಪಾಸಿಟರ್‌ಗಳು ಆ ಕಾಲದ ಬರವಣಿಗೆಯನ್ನು ಇಂದಿಗೂ ಹೊತ್ತುಕೊಂಡಿವೆ.

ಫ್ಯಾರಡ್ ಎಂಬ ಮಾನ ಯಾಕಿಷ್ಟು ಪುಟ್ಟ ಪುಟ್ಟ ಚೂರುಗಳಲ್ಲೇ ನಮಗೆ ಸಿಗುತ್ತದೆ? ಮೈಕೆಲ್ ಫ್ಯಾರಡೆ ಹೆಸರಿನ ಈ ಮಾನವನ್ನು 1881ರ ಪ್ಯಾರಿಸ್ ವಿದ್ಯುತ್ ಸಮ್ಮೇಳನ ವೋಲ್ಟ್, ಓಂಗಳ ಜೊತೆಗೆ ಹೊಂದುವಂತೆ ಗೊತ್ತುಪಡಿಸಿತು. ಲೆಕ್ಕಕ್ಕೆ ಅದು ಚೆನ್ನಾಗಿ ಕೂರುತ್ತದೆ, ಬಳಕೆಗೆ ಮಾತ್ರ ಅತಿ ದೊಡ್ಡದು. ಎರಡು ಲೋಹದ ತಗಡುಗಳನ್ನು ಒಂದು ಮಿಲಿಮೀಟರ್ ಅಂತರದಲ್ಲಿ, ನಡುವೆ ಬರೀ ಗಾಳಿ ಬಿಟ್ಟು ಎದುರುಬದುರು ಇಟ್ಟು ಒಂದು ಫ್ಯಾರಡ್ ಪಡೆಯಬೇಕಾದರೆ ಒಂದೊಂದು ತಗಡೂ ಸುಮಾರು 113 ಚದರ ಕಿಲೋಮೀಟರ್ ಇರಬೇಕು. ಪ್ರತಿ ಬದಿಯೂ ಹತ್ತೂವರೆ ಕಿಲೋಮೀಟರ್ ಇರುವ ಚೌಕ ಅದು. ಹಾಗಾಗಿ ನಿತ್ಯದ ಸರ್ಕ್ಯೂಟುಗಳಲ್ಲಿ ಬರುವುದು ಮೈಕ್ರೊ, ನ್ಯಾನೊ, ಪಿಕೊಗಳೇ. ರೆಸಿಸ್ಟರ್‌ಗಳ ಕಡೆ ಬಂದರೆ ಇದು ತಿರುವುಮುರುವು. ಓಂ ಚಿಕ್ಕ ಮಾನ, ಅದರಿಂದ ಅಲ್ಲಿ ಕಿಲೊ, ಮೆಗಾಗಳದ್ದೇ ಓಡಾಟ.

ನಮ್ಮ ಎಣಿಕೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಸಾವಿರ ದಾಟಿದ ಮೇಲೆ ನಾವು ಎರಡೆರಡು ಸೊನ್ನೆಗೆ ಹೆಸರು ಬದಲಿಸುತ್ತೇವೆ: ಸಾವಿರ, ಲಕ್ಷ, ಕೋಟಿ. ಪೂರ್ವಪ್ರತ್ಯಯಗಳು ಮೂರು ಮೂರು ಸೊನ್ನೆಗೆ ಬದಲಾಗುತ್ತವೆ. ಕಿಲೊ ಅಂದರೆ ಸಾವಿರ, ಮೆಗಾ ಅಂದರೆ ಹತ್ತು ಲಕ್ಷ, ಗಿಗಾ ಅಂದರೆ ನೂರು ಕೋಟಿ. ಕೆಳಮುಖವಾಗಿ ಮಿಲಿ, ಮೈಕ್ರೊ, ನ್ಯಾನೊ, ಪಿಕೊ ಒಂದೊಂದೂ ಹಿಂದಿನದರ ಸಾವಿರದಲ್ಲೊಂದು ಪಾಲು. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಮಟ್ಟಿಗೆ ಇಷ್ಟು ಗೊತ್ತಿದ್ದರೆ ಸಾಕು.

ಈಗ ಒಂದು ಪಟ್ಟಿಯನ್ನೇ ಎದುರಿಗಿಟ್ಟುಕೊಳ್ಳೋಣ. ಡಿಪ್ಲೊಮಾ ವಿದ್ಯಾರ್ಥಿಗಳು ಮೊದಮೊದಲು ಮಾಡುವ ಸರ್ಕ್ಯೂಟುಗಳಲ್ಲಿ ಒಂದು, 555 ಟೈಮರ್ ಐಸಿಯಿಂದ ಕೆಂಪು ಎಲ್‌ಇಡಿಯನ್ನು ಸೆಕೆಂಡಿಗೊಮ್ಮೆ ಮಿನುಗಿಸುವುದು. ಒಂಬತ್ತು ವೋಲ್ಟಿನ ಬ್ಯಾಟರಿ, ಮೂರು ರೆಸಿಸ್ಟರ್, ಮೂರು ಕೆಪಾಸಿಟರ್. ನಕ್ಷೆ ನೋಡುತ್ತಾ ಅವಸರದಲ್ಲಿ ಚೀಟಿಯ ಮೇಲೆ ಗೀಚಿದರೆ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ:

```
R1   1K
R2   68K
R3   470
C1   10MF
C2   .01
C3   104
```

ಬರೆದವರಿಗೆ ಇದರಲ್ಲಿ ಏನೂ ಅಸ್ಪಷ್ಟವಿಲ್ಲ. ಅವರ ತಲೆಯಲ್ಲಿ ಇಡೀ ಸರ್ಕ್ಯೂಟ್ ಇದೆ. ಆದರೆ ಬಿಡಿಭಾಗಗಳ ಪಟ್ಟಿ ಇರುವುದೇ ಸರ್ಕ್ಯೂಟ್ ತಲೆಯಲ್ಲಿ ಇಲ್ಲದವರಿಗಾಗಿ: ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಡ್ರಾಯರ್ ಎಳೆದು ಎಣಿಸಿಕೊಡುವವರಿಗೆ, ಆರ್ಡರ್ ಹಾಕುವ ಪರ್ಚೇಸ್ ವಿಭಾಗದವರಿಗೆ, ಬೋರ್ಡಿಗೆ ಸೋಲ್ಡರ್ ಮಾಡುವವರಿಗೆ. ಅವರಿಗೆ ಸಿಗುವುದು ಒಂದು ಅಂಕಿ ಮತ್ತು ಒಂದು ಅಕ್ಷರ, ಅಷ್ಟೇ.

ಮೊದಲು C1 ಸಾಲನ್ನು ನೋಡೋಣ, ಏಕೆಂದರೆ ಮಿನುಗುವ ವೇಗವನ್ನು ತೀರ್ಮಾನಿಸುವುದು ಅದೇ. 555 ಒಂದು ಸಲ ಹೊತ್ತಿ ಆರಲು ತೆಗೆದುಕೊಳ್ಳುವ ಸಮಯಕ್ಕೆ ಸೂತ್ರ ಇದು:

```
T = 0.693 × (R1 + 2×R2) × C1
```

ಇಲ್ಲಿ ಪೂರ್ವಪ್ರತ್ಯಯಗಳ ನಿಜವಾದ ಅನುಕೂಲ ಗೊತ್ತಾಗುತ್ತದೆ. ಸೊನ್ನೆಗಳನ್ನು ಬಿಡಿಸಿ ಬರೆಯುವ ಅಗತ್ಯವೇ ಇಲ್ಲ. R1 ಒಂದು ಕಿಲೊಓಂ, R2ರ ಎರಡರಷ್ಟು 136 ಕಿಲೊಓಂ, ಒಟ್ಟು 137 ಕಿಲೊಓಂ. ಇದನ್ನು 10 ಮೈಕ್ರೊಫ್ಯಾರಡ್‌ನಿಂದ ಗುಣಿಸಿದರೆ 1370. ಕಿಲೊವನ್ನು ಮೈಕ್ರೊದಿಂದ ಗುಣಿಸಿದರೆ ಮಿಲಿ ಬರುತ್ತದೆ, ಸಾವಿರ ಪಟ್ಟು ಮೇಲೆ ಹೋಗಿ ಹತ್ತು ಲಕ್ಷ ಪಟ್ಟು ಕೆಳಗಿಳಿದ ಹಾಗೆ. ಆದ್ದರಿಂದ ಉತ್ತರ 1370 ಮಿಲಿಸೆಕೆಂಡ್, ಅಂದರೆ 1.37 ಸೆಕೆಂಡ್. ಅದನ್ನು 0.693ರಿಂದ ಗುಣಿಸಿದರೆ 0.95 ಸೆಕೆಂಡ್. ಸೆಕೆಂಡಿಗೆ ಸುಮಾರು ಒಂದು ಮಿನುಗು. ಕಸುಬಿನಲ್ಲಿ ಪಳಗಿದವರು ಇಂಥ ಜೋಡಿಗಳನ್ನು ಬಾಯಿಪಾಠದಂತೆ ಬಳಸುತ್ತಾರೆ. ಮೆಗಾಓಂ ಮತ್ತು ಮೈಕ್ರೊಫ್ಯಾರಡ್ ಸೇರಿದರೆ ಉತ್ತರ ನೇರವಾಗಿ ಸೆಕೆಂಡಿನಲ್ಲಿ, ಕಿಲೊಓಂ ಮತ್ತು ನ್ಯಾನೊಫ್ಯಾರಡ್ ಸೇರಿದರೆ ಮೈಕ್ರೊಸೆಕೆಂಡಿನಲ್ಲಿ. ವೋಲ್ಟನ್ನು ಕಿಲೊಓಂನಿಂದ ಭಾಗಿಸಿದರೆ ಮಿಲಿಆಂಪಿಯರ್.

ಚೀಟಿಯಲ್ಲಿರುವುದು 10MF. ಅಂಗಡಿಯವರು ಅನುಭವಸ್ಥರಾದರೆ ಇದು ಮೈಕ್ರೊ ಎಂದೇ ಓದಿಕೊಳ್ಳುತ್ತಾರೆ. ಆದರೆ ಪುಸ್ತಕದ ನಿಯಮವನ್ನಷ್ಟೇ ಬಲ್ಲ ಹೊಸಬರೊಬ್ಬರು ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವಾಗ, ಮೆಗಾಫ್ಯಾರಡ್ ಇರಲಾರದು, ಇದು ಮಿಲಿ ಇರಬೇಕೆಂದು mF ಎಂದು ತಿದ್ದಿದರೆ ಏನಾಗುತ್ತದೆ? 10 ಮಿಲಿಫ್ಯಾರಡ್ ಅಂದರೆ 10,000 ಮೈಕ್ರೊಫ್ಯಾರಡ್. ಅಷ್ಟು ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮಾರುಕಟ್ಟೆಯಲ್ಲಿ ಸಿಗುತ್ತದೆ, ಹೆಬ್ಬೆರಳಿಗಿಂತ ದಪ್ಪದ್ದು. ಅದನ್ನೇ ತಂದು ಜೋಡಿಸಿದರೆ ಸಮಯ ಸಾವಿರ ಪಟ್ಟು ಹಿಗ್ಗುತ್ತದೆ. ಬ್ಯಾಟರಿ ಕೊಟ್ಟೊಡನೆ ಎಲ್‌ಇಡಿ ಹೊತ್ತಿಕೊಳ್ಳುತ್ತದೆ, ಆಮೇಲೆ ಹನ್ನೆರಡು ನಿಮಿಷಕ್ಕೂ ಹೆಚ್ಚು ಹೊತ್ತು ಆರುವುದೇ ಇಲ್ಲ. ದೊಡ್ಡ ಎಲೆಕ್ಟ್ರೋಲಿಟಿಕ್‌ಗಳಲ್ಲಿ ಒಳಗೊಳಗೇ ಸೋರುವ ಕರೆಂಟ್ ಇರುವುದರಿಂದ ಅದು ಆರದೆಯೇ ಉಳಿಯಬಹುದು. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಐಸಿ ಸುಟ್ಟಿದೆ ಎಂದುಕೊಂಡು ಇನ್ನೊಂದು ಐಸಿ ಹಾಕುತ್ತಾರೆ, ಅದೂ ಹಾಗೇ ಮಾಡುತ್ತದೆ.

ಇನ್ನೊಂದು ದಿಕ್ಕಿಗೆ ಜಾರಿ 10 ನ್ಯಾನೊಫ್ಯಾರಡ್ ಬಂದರೆ ಲಕ್ಷಣ ಬೇರೆ. ಸಮಯ 0.95 ಮಿಲಿಸೆಕೆಂಡಿಗೆ ಇಳಿದು ಎಲ್‌ಇಡಿ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಅದನ್ನು ಹಿಂಬಾಲಿಸಲಾಗದು. ಒಂದೇ ಸಮನೆ, ತುಸು ಮಂಕಾಗಿ ಉರಿದಂತೆ ಕಾಣುತ್ತದೆ. ಸರ್ಕ್ಯೂಟ್ ಹಾಳಾಗಿಲ್ಲ, ಬರೀ ಓಡುತ್ತಿದೆ ಎಂದು ಪತ್ತೆಹಚ್ಚಲು ಸುಲಭದ ಉಪಾಯವಿದೆ. ಐಸಿಯ ಮೂರನೇ ಕಾಲಿಗೆ ಒಂದು ಚಿಕ್ಕ ಕೆಪಾಸಿಟರ್ ಮೂಲಕ ಪುಟ್ಟ ಸ್ಪೀಕರ್ ಮುಟ್ಟಿಸಿದರೆ ಕೀರಲು ಸೀಟಿ ಕೇಳಿಸುತ್ತದೆ. ಎರಡೂ ಸಂದರ್ಭದಲ್ಲಿ ಎಲ್‌ಇಡಿ ಆರದೆ ಉರಿಯುತ್ತದೆ, ಆದರೆ ಒಂದರಲ್ಲಿ ಸೀಟಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಸಾಧಾರಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಬೆಲೆ ಅಚ್ಚಾದದ್ದಕ್ಕಿಂತ ಶೇ 20ರಷ್ಟು ಹೆಚ್ಚೋ ಕಡಿಮೆಯೋ ಇರಬಹುದು. ಅಂದರೆ ನಮ್ಮ 0.95 ಸೆಕೆಂಡ್ ನಿಜವಾಗಿ 0.76ರಿಂದ 1.14ರವರೆಗೆ ಎಲ್ಲಿಯಾದರೂ ಬರಬಹುದು, ಅದರಿಂದ ಮಿನುಗುದೀಪಕ್ಕೆ ಏನೂ ಆಗುವುದಿಲ್ಲ. 10ರ ಬದಲು 12 ಎಂದು ಬರೆದಿದ್ದರೂ ಸರ್ಕ್ಯೂಟ್ ನಡೆಯುತ್ತಿತ್ತು. ಅಂಕಿಯ ತಪ್ಪನ್ನು ಸರ್ಕ್ಯೂಟುಗಳು ಎಷ್ಟೋ ಸಲ ಸಹಿಸಿಕೊಳ್ಳುತ್ತವೆ. ಅಕ್ಷರದ ತಪ್ಪು ಕನಿಷ್ಠ ಸಾವಿರ ಪಟ್ಟಿನದು, ಅದನ್ನು ಸಹಿಸುವ ಸರ್ಕ್ಯೂಟ್ ಅಪರೂಪ. ಆದರೂ ಪಟ್ಟಿ ಪರಿಶೀಲಿಸುವಾಗ ನಮ್ಮ ಕಣ್ಣು ಹೋಗುವುದು ಅಂಕಿಯ ಕಡೆಗೇ.

R3 ಸಾಲಿಗೆ ಬರೋಣ. ಅಲ್ಲಿ ಅಕ್ಷರವೇ ಇಲ್ಲ, ಬರೀ 470. ಬರೆದವರ ಉದ್ದೇಶ 470 ಓಂ. 555ರ ಔಟ್‌ಪುಟ್‌ನಲ್ಲಿ ಸುಮಾರು ಏಳೂವರೆ ವೋಲ್ಟ್ ಬರುತ್ತದೆ, ಕೆಂಪು ಎಲ್‌ಇಡಿ ಸುಮಾರು ಎರಡು ವೋಲ್ಟ್ ಬಳಸಿಕೊಳ್ಳುತ್ತದೆ, ಉಳಿದ ಐದೂವರೆ ವೋಲ್ಟ್ ಈ ರೆಸಿಸ್ಟರ್ ಪಾಲಿಗೆ. 5.5 ವೋಲ್ಟನ್ನು 0.47 ಕಿಲೊಓಂನಿಂದ ಭಾಗಿಸಿದರೆ ಹನ್ನೆರಡು ಮಿಲಿಆಂಪಿಯರ್‌ಗೆ ಸ್ವಲ್ಪ ಕಡಿಮೆ. ಎಲ್‌ಇಡಿಗೆ ಹಿತವಾದ ಕರೆಂಟ್.

ಈಗ ಅದೇ ಸರ್ಕ್ಯೂಟನ್ನು ಚಿಕ್ಕದಾಗಿ, ಬೋರ್ಡಿನ ಮೇಲ್ಮೈಗೆ ಅಂಟಿಸುವ ಎಸ್‌ಎಂಡಿ ಭಾಗಗಳಿಂದ ಮಾಡುವುದೆಂದು ಇಟ್ಟುಕೊಳ್ಳಿ. ಅಕ್ಕಿಕಾಳಿಗಿಂತ ಕಿರಿದಾದ ಆ ರೆಸಿಸ್ಟರ್‌ಗಳ ಬೆನ್ನ ಮೇಲೆ ಮೂರಂಕಿಯ ಗುರುತು ಇರುತ್ತದೆ. ಮೊದಲ ಎರಡು ಅಂಕಿ ಬೆಲೆ, ಮೂರನೆಯದು ಅದರ ಮುಂದೆ ಹಾಕಬೇಕಾದ ಸೊನ್ನೆಗಳ ಲೆಕ್ಕ. ಆ ಗುರುತಿನ ಪ್ರಕಾರ 470 ಅಂದರೆ 47ರ ಮುಂದೆ ಸೊನ್ನೆಯೇ ಇಲ್ಲ, ಬರೀ 47 ಓಂ. 470 ಓಂನ ರೆಸಿಸ್ಟರ್ ಮೇಲೆ ಇರುವುದು 471. ಪಟ್ಟಿಯ 470 ಅನ್ನು ಗುರುತು ಎಂದು ತಿಳಿದು ಹುಡುಕಿದವರ ಕೈಗೆ ಸಿಗುವುದು 47 ಓಂ. ಲೆಕ್ಕದ ಪ್ರಕಾರ ಎಲ್‌ಇಡಿಯಲ್ಲಿ ನೂರು ಮಿಲಿಆಂಪಿಯರ್‌ಗೂ ಹೆಚ್ಚು ಕರೆಂಟ್. ಸಾಮಾನ್ಯ ಎಲ್‌ಇಡಿ ಇಪ್ಪತ್ತು ಮೂವತ್ತಕ್ಕಿಂತ ಹೆಚ್ಚನ್ನು ಬಹಳ ಹೊತ್ತು ತಾಳದು. ಮೊದಲು ವಿಪರೀತ ಪ್ರಕಾಶ, ಆಮೇಲೆ ಕತ್ತಲೆ. ಪಟ್ಟಿಯಲ್ಲಿ 470R ಎಂದು ಒಂದು ಅಕ್ಷರ ಹೆಚ್ಚು ಬರೆದಿದ್ದರೆ ಈ ಗೊಂದಲಕ್ಕೆ ಎಡೆಯೇ ಇರುತ್ತಿರಲಿಲ್ಲ.

ಆ R ಎಲ್ಲಿಂದ ಬಂತು? ರೆಸಿಸ್ಟರ್, ಕೆಪಾಸಿಟರ್ ಬೆಲೆಗಳನ್ನು ಗುರುತಿಸಲು ಐಇಸಿ 60062 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಮೂಲ ಉಪಾಯ ಸರಳ: ದಶಮಾಂಶದ ಚುಕ್ಕೆ ಇರಬೇಕಾದ ಜಾಗದಲ್ಲಿ ಮಾನದ ಅಕ್ಷರವನ್ನೇ ಕೂರಿಸುವುದು. 4.7 ಕಿಲೊಓಂ ಬದಲು 4k7, 2.2 ಮೆಗಾಓಂ ಬದಲು 2M2, 4.7 ಓಂ ಬದಲು 4R7. ಚುಕ್ಕೆ ಬಹಳ ದುರ್ಬಲವಾದ ಗುರುತು. ನಕ್ಷೆಯನ್ನು ಜೆರಾಕ್ಸ್ ಮಾಡಿ, ಅದನ್ನೇ ಮತ್ತೆ ಜೆರಾಕ್ಸ್ ಮಾಡಿದರೆ 4.7k ಎಂಬುದು 47k ಆಗಿಬಿಡುತ್ತದೆ. ಕಾಗದದ ಮೇಲಿನ ಕಲೆಯೊಂದು ಚುಕ್ಕೆಯಾಗಿ 47k ಎಂಬುದು 4.7k ಆಗುವುದೂ ಉಂಟು. k ಅಕ್ಷರ ಹಾಗೆ ಮಾಯವಾಗುವುದಿಲ್ಲ. ನಮ್ಮ ಚೀಟಿಯ C2 ಸಾಲಿನಲ್ಲಿ ಇರುವುದು .01, ಅದೂ ಮಾನವಿಲ್ಲದೆ. ಆ ಚುಕ್ಕೆ ಮಾಸಿದರೆ ಉಳಿಯುವುದು 01. ಉದ್ದೇಶಿಸಿದ್ದು 0.01 ಮೈಕ್ರೊಫ್ಯಾರಡ್, ಅಂದರೆ 10 ನ್ಯಾನೊಫ್ಯಾರಡ್. 10n ಎಂದು ಬರೆದರೆ ಕಳೆದುಹೋಗಲು ಚುಕ್ಕೆಯೇ ಇರುವುದಿಲ್ಲ.

C3ರ 104 ನಮ್ಮ ಅಂಗಡಿಗಳ ಮಾತು. "ಡಿಸ್ಕ್, ಒನ್ ಜೀರೊ ಫೋರ್, ಹತ್ತು ಪೀಸ್ ಕೊಡಿ" ಅಂದರೆ ಎಸ್.ಪಿ. ರಸ್ತೆಯಲ್ಲಿ ಮರುಪ್ರಶ್ನೆ ಇರುವುದಿಲ್ಲ. ಕೆಪಾಸಿಟರ್ ಮೇಲೆ ಅಚ್ಚಾದ ಗುರುತದು, ಲೆಕ್ಕ ಪಿಕೊಫ್ಯಾರಡ್‌ನಲ್ಲಿ: 10ರ ಮುಂದೆ ನಾಲ್ಕು ಸೊನ್ನೆ, ಒಂದು ಲಕ್ಷ ಪಿಕೊ. ಅದೇ 100 ನ್ಯಾನೊ, ಅದೇ 0.1 ಮೈಕ್ರೊ. ಕೌಂಟರಿನ ಮುಂದೆ ನಿಂತು ಕೇಳುವಾಗ ಇದರಲ್ಲಿ ತಪ್ಪೇನಿಲ್ಲ, ಎದುರಿಗಿರುವವರು ಡಬ್ಬಿ ತೆರೆದು ತೋರಿಸುತ್ತಾರೆ. ಆದರೆ ದೊಡ್ಡ ಬೋರ್ಡೊಂದರ ನಕ್ಷೆಯನ್ನು ಮೂವರು ಹಂಚಿಕೊಂಡು ಬಿಡಿಸಿ, ಒಬ್ಬರು 104 ಎಂದೂ ಇನ್ನೊಬ್ಬರು 0.1uF ಎಂದೂ ಮತ್ತೊಬ್ಬರು 100n ಎಂದೂ ಬರೆದರೆ, ಕಂಪ್ಯೂಟರ್ ಅದನ್ನು ಮೂರು ಬೇರೆ ಬೇರೆ ವಸ್ತುಗಳೆಂದೇ ಎಣಿಸುತ್ತದೆ. ಒಂದೇ ಭಾಗಕ್ಕೆ ಮೂರು ಆರ್ಡರ್ ಹೋಗುತ್ತದೆ, ಒಟ್ಟಿಗೆ ಕೊಂಡರೆ ಸಿಗುವ ರಿಯಾಯಿತಿ ಕೈತಪ್ಪುತ್ತದೆ. ಬೋರ್ಡಿಗೆ ಭಾಗ ಕೂರಿಸುವ ಯಂತ್ರಕ್ಕೆ ಒಂದು ರೀಲ್ ಸಾಕಾಗುತ್ತಿದ್ದಲ್ಲಿ ಮೂರು ರೀಲ್ ಏರಿಸಬೇಕಾಗುತ್ತದೆ. ಹಾಗಾಗಿ ಪಟ್ಟಿಯ ಉದ್ದಕ್ಕೂ ಒಂದೇ ಕಟ್ಟುಪಾಡು ಬೇಕು. ನಾನು ಮೆಚ್ಚುವುದು ಇದನ್ನು: ಅಂಕಿ ಯಾವಾಗಲೂ 1ರಿಂದ 999ರ ಒಳಗೆ ಇರಲಿ, ಅದಕ್ಕೆ ತಕ್ಕ ಅಕ್ಷರ ಆರಿಸಿಕೊಳ್ಳಲಿ. 0.1u ಅಲ್ಲ, 100n. 2200p ಅಲ್ಲ, 2n2. ಇದಕ್ಕೆ ನಾನು ಒಪ್ಪುವ ಅಪವಾದ ಒಂದೇ. 10,000 ಮೈಕ್ರೊಫ್ಯಾರಡನ್ನು 10 ಮಿಲಿಫ್ಯಾರಡ್ ಎಂದು ಬರೆಯಬಾರದು. ನಿಯಮದ ಪ್ರಕಾರ ಅದು ಸರಿಯೇ, ಆದರೆ ಹಳೆಯ mfdಯ ನೆನಪು ಇನ್ನೂ ಹಸಿಯಾಗಿರುವ ಕಸುಬಿನಲ್ಲಿ ಅದನ್ನು ಓದಿದ ಯಾರಾದರೂ ಮೈಕ್ರೊ ಎಂದುಕೊಂಡೇಬಿಡುತ್ತಾರೆ. ಕೆಪಾಸಿಟರ್ ಸಾಲುಗಳಲ್ಲಿ m ಕಂಡರೆ ಅದನ್ನು ಬರೆದವರನ್ನು ಕೇಳಿ ಖಾತ್ರಿಪಡಿಸಿಕೊಳ್ಳುವುದೇ ಕ್ಷೇಮ.

ಇಲ್ಲಿಯವರೆಗೆ ಹೇಳಿದ್ದು ಮನುಷ್ಯರು ಮಾಡುವ ತಪ್ಪು. ಸರಿಯಾಗಿ ಬರೆದದ್ದನ್ನು ಕಂಪ್ಯೂಟರ್ ಕೆಡಿಸುವುದೂ ಉಂಟು, ಅದರಲ್ಲಿ ಒಂದು ನಮ್ಮ ದೇಶದ ರೂಢಿಗೇ ಅಂಟಿಕೊಂಡದ್ದು. ಭಾರತದಲ್ಲಿ ಅನೇಕರು ಓಂಗೆ R ಬದಲು E ಬಳಸುತ್ತಾರೆ. ಅಂಗಡಿಗಳ ಬಿಲ್ಲುಗಳಲ್ಲಿ, ಕಾಲೇಜಿನ ಲ್ಯಾಬ್ ಡಬ್ಬಿಗಳ ಮೇಲೆ 100E, 470E ಎಂದಿರುವುದನ್ನು ಕಾಣಬಹುದು. ಅದೇ ಪದ್ಧತಿಯಲ್ಲಿ 4.7 ಓಂ ಅನ್ನು 4E7 ಎಂದು ಬರೆಯುತ್ತಾರೆ. ಇದನ್ನು ಎಕ್ಸೆಲ್‌ನ ಒಂದು ಕೋಣೆಯಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಕಣ್ಣೆದುರೇ ಅದು ಹೀಗೆ ಬದಲಾಗುತ್ತದೆ:

```
4.00E+07
```

ಎಕ್ಸೆಲ್ ಪಾಲಿಗೆ ಅಂಕಿಗಳ ನಡುವಿನ E ಅಂದರೆ ಹತ್ತರ ಘಾತ. 4ರ ಮುಂದೆ ಏಳು ಸೊನ್ನೆ, ನಾಲ್ಕು ಕೋಟಿ. ಒಮ್ಮೆ ಬದಲಾದ ಮೇಲೆ ಆ ಕೋಣೆಯಲ್ಲಿ 4E7 ಎಂಬ ಮೂಲ ಬರಹ ಉಳಿದಿರುವುದಿಲ್ಲ, ಸಂಖ್ಯೆಯಷ್ಟೇ ಇರುತ್ತದೆ. 470E ಮಾತ್ರ ಪಾರಾಗುತ್ತದೆ, ಏಕೆಂದರೆ E ಆದ ಮೇಲೆ ಅಂಕಿಯಿಲ್ಲ. ಹಾಗಾಗಿ ಐವತ್ತು ಸಾಲಿನ ಪಟ್ಟಿಯಲ್ಲಿ ನಲವತ್ತೆಂಟು ಸಾಲು ನೆಟ್ಟಗಿದ್ದು ಎರಡು ಮಾತ್ರ ಕೆಡುತ್ತವೆ, ಅಂಥವು ಸುಲಭವಾಗಿ ಕಣ್ತಪ್ಪಿಸಿಕೊಳ್ಳುತ್ತವೆ. ಎಸ್‌ಎಂಡಿ ಭಾಗಗಳ ಅಳತೆಯ ಹೆಸರಾದ 0603 ಕೂಡ ಇದೇ ರೀತಿ ಮುಂದಿನ ಸೊನ್ನೆ ಕಳೆದುಕೊಂಡು 603 ಆಗುತ್ತದೆ. ಟೈಪ್ ಮಾಡುವ ಮೊದಲೇ ಆ ಕಂಬಸಾಲನ್ನು ಟೆಕ್ಸ್ಟ್ ಎಂದು ನಿಗದಿಪಡಿಸಿದರೆ ಈ ಕಾಟವಿಲ್ಲ. ಓಂಗೆ E ಬಿಟ್ಟು R ಹಿಡಿದರೆ ಇನ್ನೂ ಒಳ್ಳೆಯದು, 4R7 ಅನ್ನು ಎಕ್ಸೆಲ್ ಮುಟ್ಟುವುದಿಲ್ಲ.

ಇನ್ನೊಂದು ಕಾಟ µ ಅಕ್ಷರದ್ದೇ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡವನ್ನು ಬೇರೆ ಕಡೆ ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುವುದನ್ನು ನಮ್ಮಲ್ಲಿ ಬಹಳ ಜನ ನೋಡಿದ್ದಾರೆ. ಅಲ್ಲಿ ಒಳಗೆ ಇರುವುದು ಬೇರೆ ಅಕ್ಷರ, ಫಾಂಟ್ ಅದಕ್ಕೆ ಕನ್ನಡದ ರೂಪ ತೊಡಿಸಿರುತ್ತದೆ. ಗ್ರೀಕ್ ಅಕ್ಷರಗಳಿಗೂ ಹಾಗೇ ಮಾಡುವ ಸಿಂಬಲ್ ಎಂಬ ಫಾಂಟ್ ಇದೆ. ಅದರಲ್ಲಿ m ಒತ್ತಿದರೆ µ ಕಾಣುತ್ತದೆ, W ಒತ್ತಿದರೆ Ω ಕಾಣುತ್ತದೆ. ಹಾಗೆ ಬರೆದ ಪಟ್ಟಿಯನ್ನು ಬರೀ ಟೆಕ್ಸ್ಟ್ ಆಗಿ ನಕಲು ಮಾಡಿದರೆ ಫಾಂಟ್ ಕಳಚಿ 10µF ಎಂಬುದು 10mF ಆಗುತ್ತದೆ, 470Ω ಎಂಬುದು 470W ಆಗುತ್ತದೆ. ಕನ್ನಡ ಕೆಟ್ಟರೆ ಕೆಟ್ಟಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಕೆಟ್ಟದ್ದೂ ಸರಿಯಾದ ಬೆಲೆಯಂತೆಯೇ ಕಾಣುತ್ತದೆ, ಅಪಾಯ ಇರುವುದೇ ಅದರಲ್ಲಿ. ಕಾಲು ವ್ಯಾಟಿನ ಪುಟ್ಟ ರೆಸಿಸ್ಟರ್ ಎದುರಿಗೆ 470 ವ್ಯಾಟ್ ಕಂಡರೆ ಯಾರಾದರೂ ತಡೆದಾರು, ಆದರೆ mF ಅನ್ನು ತಡೆಯುವವರು ಕಡಿಮೆ.

ಯೂನಿಕೋಡ್ ಬಂದ ಮೇಲೆ ಆ ತೊಂದರೆ ಕಡಿಮೆಯಾಯಿತು, ಅದರ ಜಾಗಕ್ಕೆ ಸಣ್ಣದೊಂದು ಬಂತು. ಯೂನಿಕೋಡ್‌ನಲ್ಲಿ ಈ ರೂಪದ ಅಕ್ಷರಗಳು ಎರಡಿವೆ: ಮೈಕ್ರೊ ಚಿಹ್ನೆ ಒಂದು, ಗ್ರೀಕ್ ವರ್ಣಮಾಲೆಯ ಅಕ್ಷರ ಇನ್ನೊಂದು. ತೆರೆಯ ಮೇಲೆ ಎರಡೂ ಸಾಮಾನ್ಯವಾಗಿ ಒಂದೇ ಥರ ಕಾಣುತ್ತವೆ. ಆದರೆ ಪಟ್ಟಿಯನ್ನು ಗುಂಪು ಮಾಡುವ ತಂತ್ರಾಂಶಕ್ಕೆ ಅವು ಬೇರೆ ಬೇರೆಯಾಗಿ, 10µF ಎಂಬ ಸಾಲು ಎರಡು ಸಲ ಬರುವುದುಂಟು. ಅನುಮಾನ ಬಂದರೆ ಎಕ್ಸೆಲ್‌ನಲ್ಲಿ ಪರೀಕ್ಷಿಸಬಹುದು. A2 ಕೋಣೆಯಲ್ಲಿ 10µF ಇದ್ದರೆ:

```
=UNICODE(MID(A2,3,1))
```

181 ಬಂದರೆ ಮೈಕ್ರೊ ಚಿಹ್ನೆ, 956 ಬಂದರೆ ಗ್ರೀಕ್ ಅಕ್ಷರ. ಈ ತಲೆನೋವೇ ಬೇಡವೆಂದು ಬಹಳಷ್ಟು ಎಂಜಿನಿಯರುಗಳು µ ಬಿಟ್ಟು ಇಂಗ್ಲಿಷಿನ u ಬಳಸುತ್ತಾರೆ: 10uF. ಮಾನದಂಡದ ಕಣ್ಣಿನಲ್ಲಿ ಅದು ಶುದ್ಧವಲ್ಲ. ಆದರೆ ಯಾವ ಕೀಬೋರ್ಡಿನಲ್ಲೂ ಇದೆ, ಯಾವ ಫೈಲಿನಲ್ಲೂ ಕೆಡುವುದಿಲ್ಲ, ಇನ್ಯಾವ ಪೂರ್ವಪ್ರತ್ಯಯದೊಂದಿಗೂ ಗೊಂದಲವಾಗುವುದಿಲ್ಲ. ಬಿಡಿಭಾಗಗಳ ಪಟ್ಟಿಯಲ್ಲಿ ನಾನು u ಪರ.

ದೊಡ್ಡ M, ಚಿಕ್ಕ m ವಿಷಯಕ್ಕೆ ಬಂದರೆ ಅವುಗಳ ನಡುವಿನ ಅಂತರ ನೂರು ಕೋಟಿ ಪಟ್ಟು. ರೆಸಿಸ್ಟರ್‌ಗಳಲ್ಲಿ ಎರಡೂ ನಿಜವಾಗಿ ಬಳಕೆಯಲ್ಲಿವೆ. ಬ್ಯಾಟರಿ ಚಾರ್ಜರಿನಲ್ಲಿ ಕರೆಂಟ್ ಅಳೆಯಲು 10 ಮಿಲಿಓಂನದು ಬೇಕಾಗುತ್ತದೆ, ಸೂಕ್ಷ್ಮ ಸೆನ್ಸರ್ ಸರ್ಕ್ಯೂಟಿನಲ್ಲಿ 10 ಮೆಗಾಓಂನದು. ಹೆಸರುಗಳನ್ನೆಲ್ಲ ದೊಡ್ಡಕ್ಷರಕ್ಕೆ ತಿರುಗಿಸುವ ತಂತ್ರಾಂಶದ ಮೂಲಕ ಪಟ್ಟಿ ಹಾದುಬಂದರೆ ಎರಡೂ 10M ಆಗಿಬಿಡುತ್ತವೆ. ಮಿಲಿಓಂ ಇರುವ ಕಡೆ R010 ಎಂದು ಬರೆಯುವುದು ಇದಕ್ಕೆ ಪರಿಹಾರ. R ಇಲ್ಲಿ ಚುಕ್ಕೆಯ ಜಾಗದಲ್ಲಿದೆ, 0.010 ಓಂ. ಸರ್ಕ್ಯೂಟನ್ನು ಕಟ್ಟುವ ಮೊದಲು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಸ್ಪೈಸ್ ತಂತ್ರಾಂಶದ ಹೆಸರನ್ನೂ ಇಲ್ಲಿ ಹೇಳಲೇಬೇಕು. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಅದು ದೊಡ್ಡಕ್ಷರ ಚಿಕ್ಕಕ್ಷರಗಳ ಭೇದ ಮಾಡುವುದಿಲ್ಲ, ಇಂದಿನ ಅದರ ಸಂತತಿಯೂ ಹಾಗೆಯೇ. ಅಲ್ಲಿ M ಹೇಗೆ ಬರೆದರೂ ಮಿಲಿ.

```
R5 in out 2M      ; 0.002 ohm
R5 in out 2Meg    ; 2000000 ohm
C5 out 0 1F       ; 1e-15 farad
```

ಮೂರನೇ ಸಾಲು ಇನ್ನೂ ವಿಚಿತ್ರ. F ಎಂಬುದು ಅಲ್ಲಿ ಫೆಮ್ಟೊ ಎಂಬ ಪೂರ್ವಪ್ರತ್ಯಯ, ಪಿಕೊಗಿಂತಲೂ ಒಂದು ಮೆಟ್ಟಿಲು ಕೆಳಗಿನದು. ಒಂದು ಫ್ಯಾರಡ್ ಬೇಕೆಂದು 1F ಬರೆದರೆ ಕೆಪಾಸಿಟರ್ ಇಲ್ಲವೇ ಇಲ್ಲವೇನೋ ಅನ್ನುವಷ್ಟು ಚಿಕ್ಕದಾಗುತ್ತದೆ. ಮಾನದ ಅಕ್ಷರ ಬಿಟ್ಟು ಬರೀ 1 ಬರೆದರೆ ಸರಿ. ಆದ್ದರಿಂದ ಸ್ಪೈಸ್ ಫೈಲಿನ ಬೆಲೆಗಳನ್ನು ಹಾಗೇ ಎತ್ತಿ ಖರೀದಿ ಪಟ್ಟಿಗೆ ಹಾಕಬಾರದು, ಪಟ್ಟಿಯದನ್ನು ಸ್ಪೈಸ್‌ಗೂ ಹಾಕಬಾರದು.

ಇಷ್ಟನ್ನು ಗಮನದಲ್ಲಿಟ್ಟು ನಮ್ಮ ಮಿನುಗುದೀಪದ ಪಟ್ಟಿಯನ್ನು ಮತ್ತೆ ಬರೆದರೆ:

```
R1   1k      0.25W  5%
R2   68k     0.25W  5%
R3   470R    0.25W  5%
C1   10uF    25V    electrolytic
C2   10nF    50V    ceramic
C3   100nF   50V    ceramic
```

ಕಿಲೊಗೆ ಚಿಕ್ಕ k ಹಾಕಿದ್ದು ನಿಯಮಕ್ಕಾಗಿ, ದೊಡ್ಡ K ಉಷ್ಣತೆಯ ಕೆಲ್ವಿನ್‌ಗೆ ಮೀಸಲು. ದೊಡ್ಡದನ್ನೇ ಬರೆದರೂ ರೆಸಿಸ್ಟರ್ ಪಟ್ಟಿಯಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಬಲಗಡೆಯ ಕಂಬಸಾಲು ಮಾತ್ರ ಅಲಂಕಾರಕ್ಕೆ ಬಂದದ್ದಲ್ಲ. ಕೆಪಾಸಿಟರ್‌ನ ಜಾತಿ ಬರೆದಿದ್ದರೆ ಅಕ್ಷರದ ತಪ್ಪು ಅಂಗಡಿಯಲ್ಲೇ ಸಿಕ್ಕಿಬೀಳುತ್ತದೆ. C1 ಸಾಲಿನಲ್ಲಿ ಅಕಸ್ಮಾತ್ 10nF ಎಲೆಕ್ಟ್ರೋಲಿಟಿಕ್ ಎಂದು ಬಂದಿದ್ದರೆ, "ಎಲೆಕ್ಟ್ರೋಲಿಟಿಕ್‌ನಲ್ಲಿ ಅಷ್ಟು ಕಡಿಮೆ ಬರಲ್ಲ ಸಾರ್, ಸೆರಾಮಿಕ್ ಬೇಕಾ, ಇಲ್ಲ ಹತ್ತು ಮೈಕ್ರೊ ಬೇಕಾ?" ಎಂದು ಅವರೇ ಕೇಳುತ್ತಾರೆ. ಜಾತಿ ಬರೆಯದಿದ್ದರೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ, ಒಂದು ಡಿಸ್ಕ್ ಕೆಪಾಸಿಟರ್ ಪೊಟ್ಟಣಕ್ಕೆ ಬಂದು ಬೀಳುತ್ತದೆ.

ಅಂಕಿಯನ್ನು ಪರೀಕ್ಷಿಸಲೂ ಒಂದು ದಾರಿಯಿದೆ. ಶೇ 5ರ ರೆಸಿಸ್ಟರ್‌ಗಳಲ್ಲಿ ಸಾಧಾರಣವಾಗಿ ಅಂಗಡಿಯಲ್ಲಿ ಸಿಗುವ ಬೆಲೆಗಳು ಹನ್ನೆರಡು ಅಂಕಿಗಳ ಒಂದು ಸರಣಿಗೆ ಸೇರಿದವು: 10, 12, 15, 18, 22, 27, 33, 39, 47, 56, 68, 82. ಮುಂದೆ ಎಷ್ಟು ಸೊನ್ನೆ ಬಂದರೂ ಅಂಕಿ ಇವೇ. 68k ಬದಲು 86k ಎಂದು ಕೈ ತಪ್ಪಿದ್ದರೆ ಈ ಸರಣಿಯಲ್ಲಿ 86 ಇಲ್ಲವೆಂಬುದರಿಂದಲೇ ತಿಳಿಯುತ್ತದೆ. ಆದರೆ ಈ ಜರಡಿ ಅಕ್ಷರದ ತಪ್ಪನ್ನು ಹಿಡಿಯಲಾರದು, 68 ಓಂ, 68k, 68M ಮೂರೂ ಸರಣಿಯ ಪ್ರಕಾರ ಸರಿಯೇ. ಅದಕ್ಕೆ ಮಲ್ಟಿಮೀಟರೇ ಆಗಬೇಕು. ಸೋಲ್ಡರ್ ಮಾಡುವ ಮೊದಲು ಪ್ರತಿ ಬೆಲೆಯ ಒಂದು ತುಣುಕನ್ನು ಮೀಟರಿಗೆ ಹಿಡಿದು, ತೆರೆಯಲ್ಲಿ ಅಂಕಿಯ ಬಲಗಡೆ ಮೂಲೆಯಲ್ಲಿರುವ ಚಿಕ್ಕ ಅಕ್ಷರವನ್ನು ಮೊದಲು ಓದಬೇಕು, ಅಂಕಿಯನ್ನು ಆಮೇಲೆ. ರೇಂಜನ್ನು ನಾವೇ ಆರಿಸುವ ಮೀಟರಿನಲ್ಲಿ R3 ಕೆಲವೊಮ್ಮೆ 0.470 kΩ ಎಂದೂ, R2 ಕೆಲವೊಮ್ಮೆ 0.068 MΩ ಎಂದೂ ಕಾಣಿಸುತ್ತದೆ. ಎರಡೂ ಸರಿಯಾದ ಉತ್ತರಗಳೇ.